ಬೆಣ್ಣೆ ಶಾರ್ಪ್ ಇರಬೇಕು, ಕಾವಲಿ ಮಸುಕಾಗಬೇಕು: ತಿಂಡಿ ಚಿತ್ರದ ಪ್ರಾಂಪ್ಟ್‌ನಲ್ಲಿ ಲೆನ್ಸ್, ಮಿಮೀ, ಅಪರ್ಚರ್ ಬರೆಯುವ ಬಗೆ

ಎಐ ಟೂಲ್‌ನಿಂದ ತಿಂಡಿ ಚಿತ್ರ ಮಾಡಿಸಲು ಪ್ರಾಂಪ್ಟ್ ಬರೆಯುವಾಗ ಬಹಳ ಜನ ಕೊನೆಗೆ ಕ್ಯಾಮೆರಾದ ಒಂದು ಸಾಲು ಅಂಟಿಸಿಬಿಡುತ್ತಾರೆ. ಅದು ಸಾಮಾನ್ಯವಾಗಿ ಹೀಗಿರುತ್ತದೆ:

```
85mm, f/1.2, macro, bokeh, ultra sharp, everything in focus
```

ಇದರಲ್ಲಿ ಒಂದು ಮಾತು ಇನ್ನೊಂದನ್ನು ಹೊಡೆದುಹಾಕುತ್ತದೆ. f/ ಜೊತೆಗಿರುವುದು ಅಪರ್ಚರ್ ನಂಬರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಂಡಿಯ ಅಳತೆ; ನಂಬರ್ ಚಿಕ್ಕದಾದಷ್ಟೂ ಕಂಡಿ ದೊಡ್ಡದು, ಮಸುಕು ಜಾಸ್ತಿ. f/1.2 ಅಂದರೆ ಒಂದು ಎಳೆಯಷ್ಟು ಜಾಗ ಮಾತ್ರ ಶಾರ್ಪ್, ಉಳಿದದ್ದೆಲ್ಲ ಮಸುಕು. ಅದರ ಪಕ್ಕದಲ್ಲೇ ಎಲ್ಲವೂ ಫೋಕಸ್‌ನಲ್ಲಿರಲಿ ಅಂತ ಬರೆದರೆ ಟೂಲ್ ಏನು ಮಾಡಬೇಕು ಹೇಳಿ? ಅದು ತನಗೆ ತೋಚಿದ್ದನ್ನು ಮಾಡುತ್ತದೆ. ಒಂದು ಸಲ ತಟ್ಟೆಯೆಲ್ಲ ಮಸುಕು, ಇನ್ನೊಂದು ಸಲ ಹಿಂದಿನ ಗೋಡೆಯ ಸುಣ್ಣದ ಕಲೆಯೂ ಕಾಣುವಷ್ಟು ಶಾರ್ಪ್.

ಈ ಬರಹದಲ್ಲಿ ಒಂದೇ ಕೆಲಸ ಹಿಡಿದುಕೊಂಡು ಹೋಗೋಣ. ದಾವಣಗೆರೆ ಬೆಣ್ಣೆ ದೋಸೆ ಮಾಡುವ ಒಂದು ಹೋಟೆಲ್, ಗೋಡೆಗೆ ಮೂರು ಅಡಿ ಎತ್ತರದ ಪೋಸ್ಟರ್ ಬೇಕು. ಹೋಟೆಲಿನವರು ಕೇಳುವುದು ಇಷ್ಟು: ದೋಸೆ ಮೇಲಿನ ಬೆಣ್ಣೆ ಎದ್ದು ಕಾಣಬೇಕು, ದೋಸೆಯ ಕೆಂಪು ಅಂಚು ಗರಿಗರಿ ಅಂತ ಅನ್ನಿಸಬೇಕು, ಹಿಂದೆ ಕಾವಲಿ ಮುಂದೆ ಭಟ್ಟರು ನಿಂತಿರುವುದು ಗೊತ್ತಾಗಬೇಕು, ಆದರೆ ಕಣ್ಣು ಅಲ್ಲಿಗೆ ಹೋಗಬಾರದು. ಇದು ಪೂರ್ತಿ ಡೆಪ್ತ್ ಆಫ್ ಫೀಲ್ಡ್‌ನ ಕೆಲಸ. ಅಂದರೆ ಮುಂದಿನಿಂದ ಹಿಂದಕ್ಕೆ ಎಷ್ಟು ಜಾಗ ಶಾರ್ಪ್ ಆಗಿ ಕಾಣಬೇಕು ಅನ್ನುವ ಲೆಕ್ಕ. ಮುಂದೆ ಸುಮ್ನೆ ಡೆಪ್ತ್ ಅನ್ನುತ್ತೇನೆ.

ಶುರು ಮಾಡುವ ಮೊದಲು ಒಂದು ಮಾತು. ಝೊಮಾಟೊ 2024ರ ಆಗಸ್ಟ್‌ನಲ್ಲೇ ಮೆನುವಿನಿಂದ ಎಐ ತಿಂಡಿ ಚಿತ್ರಗಳನ್ನು ತೆಗೆದುಹಾಕುವುದಾಗಿ ಹೇಳಿತು. ನನ್ನ ಅಭಿಪ್ರಾಯವೂ ಅದೇ. ಗಿರಾಕಿ ನೋಡಿ ಆರ್ಡರ್ ಮಾಡುವ ಜಾಗದಲ್ಲಿ ಆ ಹೋಟೆಲಿನ ಕಾವಲಿಯಿಂದ ಇಳಿದ ದೋಸೆಯದ್ದೇ ಫೋಟೋ ಇರಬೇಕು. ಪ್ರಾಂಪ್ಟ್‌ನಿಂದ ಬಂದ ಚಿತ್ರ ಒಳ್ಳೆಯ ಕೆಲಸಕ್ಕೆ ಬರುವುದು ಶೂಟಿಂಗ್‌ಗೆ ಮುಂಚೆ. ಪೋಸ್ಟರಿನ ಲೇಔಟ್ ತೋರಿಸುವುದಕ್ಕೆ, ಹೋಟೆಲಿನವರ ಒಪ್ಪಿಗೆ ತಗೊಳ್ಳುವುದಕ್ಕೆ, ಆಮೇಲೆ ಫೋಟೋಗ್ರಾಫರ್‌ಗೆ "ಹೀಗೆ ಬೇಕು" ಅಂತ ಕೊಡುವುದಕ್ಕೆ. ಹಾಗಾಗಿ ನಾವು ಬರೆಯುವ ಕ್ಯಾಮೆರಾ ಮಾತು ನಿಜವಾದ ಲೆನ್ಸ್‌ನಲ್ಲೂ ಸಾಧ್ಯವಾಗುವಂಥದ್ದಾಗಿರಬೇಕು. ಇಲ್ಲದಿದ್ದರೆ ಶೂಟಿಂಗ್ ದಿನ ಪಂಚಾಯ್ತಿ ಗ್ಯಾರಂಟಿ.

ಮೊದಲ ಹೆಜ್ಜೆ: ಏನು ಶಾರ್ಪ್, ಏನು ಮಸುಕು ಅಂತ ಮಾತಲ್ಲಿ ಬರೆಯಿರಿ

ಚಿತ್ರ ಮಾಡುವ ಟೂಲ್ ಒಳಗೆ ಲೆನ್ಸ್ ಇಲ್ಲ. ಅಪರ್ಚರ್ ಬ್ಲೇಡ್‌ಗಳಿಲ್ಲ, ದೂರ ಅಳೆಯುವ ಟೇಪೂ ಇಲ್ಲ. ಕೋಟಿಗಟ್ಟಲೆ ಫೋಟೋಗಳನ್ನೂ ಅವುಗಳ ಜೊತೆಗಿದ್ದ ಬರಹವನ್ನೂ ನೋಡಿ, ಯಾವ ಮಾತಿನ ಜೊತೆ ಎಂಥ ಚಿತ್ರ ಬರುತ್ತದೆ ಅಂತ ಅದು ಕಲಿತಿರುತ್ತದೆ. f/1.4 ಅಂತ ಬರೆದಿರುವ ಜಾಗದಲ್ಲಿ ಸಾಮಾನ್ಯವಾಗಿ ಮಸುಕು ಹಿನ್ನೆಲೆಯ ಫೋಟೋ ಇರುತ್ತದೆ, ಹಾಗಾಗಿ ಆ ನಂಬರ್ ಮಸುಕಿನ ಕಡೆಗೆ ಎಳೆಯುತ್ತದೆ. ಆದರೆ f/5.6ಕ್ಕೂ f/8ಕ್ಕೂ ಇರುವ ವ್ಯತ್ಯಾಸ ಫೋಟೋ ಕೆಳಗೆ ಯಾರು ಬರೆಯುತ್ತಾರೆ? ಅದಕ್ಕೇ ನಡುವಿನ ನಂಬರ್‌ಗಳನ್ನು ಅತ್ತಿತ್ತ ಬದಲಾಯಿಸಿದರೆ ಬಹಳ ಸಲ ಏನೂ ಆಗುವುದಿಲ್ಲ. ಆದ ಹಾಗೆ ಕಂಡರೂ ಅದು ನಂಬರ್‌ನಿಂದ ಆದದ್ದಲ್ಲ, ಸೀಡ್, ಅಂದರೆ ಪ್ರತಿ ಚಿತ್ರದ ಶುರುವಿಗೆ ಟೂಲ್ ಆಯ್ದುಕೊಳ್ಳುವ ಸಂಖ್ಯೆ, ಬೇರೆಯಾಗಿದ್ದರಿಂದ ಆದದ್ದು.

ನಂಬರ್ ಬರೀ ಸುಳಿವು. ನಿಜವಾಗಿ ಚಿತ್ರವನ್ನು ತಿರುಗಿಸುವುದು ವಸ್ತುವಿನ ಹೆಸರು ಹಿಡಿದು ಬರೆದ ವಾಕ್ಯ. ಬೆಣ್ಣೆ ಶಾರ್ಪ್, ಇಡೀ ದೋಸೆ ಶಾರ್ಪ್, ಪಕ್ಕದ ಚಟ್ನಿ ಬಟ್ಟಲೂ ಅಷ್ಟೇ ಶಾರ್ಪ್, ಹಿಂದಿನ ಕಾವಲಿ ಮಸುಕು ಆದರೆ ಗುರುತು ಸಿಗುವಷ್ಟು. ಮೊದಲು ಇದನ್ನು ಕಾಗದದ ಮೇಲೆ ಕನ್ನಡದಲ್ಲೇ ಬರೆದುಕೊಳ್ಳಿ. ಹೋಟೆಲಿನವರ ಜೊತೆ ಮಾತು ಮುಗಿಯುವುದೂ ಇಲ್ಲಿಯೇ. ಅವರಿಗೆ f/8 ಅಂದರೆ ಅರ್ಥವಾಗಬೇಕಿಲ್ಲ. "ಭಟ್ಟರ ಕೈ ಗೊತ್ತಾಗಬೇಕು, ಮುಖ ಬೇಡ" ಅಂದರೆ ತಕ್ಷಣ ಹೌದು ಅಥವಾ ಬೇಡ ಅನ್ನುತ್ತಾರೆ.

ಇದೇ ಹೆಜ್ಜೆಯಲ್ಲಿ ತಿಂಡಿಯನ್ನೂ ಬಿಡಿಸಿ ಬರೆಯಿರಿ. `dosa` ಅಂತಷ್ಟೇ ಬರೆದರೆ ಉದ್ದಕ್ಕೆ ಸುರುಳಿ ಸುತ್ತಿದ ಪೇಪರ್ ದೋಸೆ, ಪಕ್ಕದಲ್ಲಿ ಸಾಂಬಾರ್ ಬಟ್ಟಲು ಬರುವ ಸಂಭವ ಜಾಸ್ತಿ. ಬೆಣ್ಣೆ ದೋಸೆ ಚಿಕ್ಕದು, ದಪ್ಪ. ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಇದಕ್ಕೂ ಡೆಪ್ತ್‌ಗೂ ಏನು ಸಂಬಂಧ ಅಂತೀರಾ? ಇದೆ. ಸುರುಳಿ ದೋಸೆ ಹತ್ತು ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ, ಹಿಂದಿನದನ್ನೆಲ್ಲ ಮುಚ್ಚುತ್ತದೆ. ಬೆಣ್ಣೆ ದೋಸೆ ತಟ್ಟೆಗೆ ಅಂಟಿಕೊಂಡು ಮಲಗಿರುತ್ತದೆ. ಕ್ಯಾಮೆರಾ ಎಲ್ಲಿಡಬೇಕು ಅನ್ನುವುದೇ ಬದಲಾಗಿಬಿಡುತ್ತದೆ.

ಎರಡನೆಯದು: ಆಂಗಲ್. ಅಪರ್ಚರ್‌ಗಿಂತ ಮೊದಲು ಇದು

ತಿಂಡಿ ಫೋಟೋದಲ್ಲಿ ಡೆಪ್ತ್ ಎಷ್ಟು ಬೇಕು ಅಂತ ತೀರ್ಮಾನ ಮಾಡುವುದು ಕ್ಯಾಮೆರಾ ಎಷ್ಟು ಬಾಗಿದೆ ಅನ್ನುವುದು. ನೆಟ್ಟಗೆ ಮೇಲಿನಿಂದ ನೋಡಿದರೆ ತಟ್ಟೆಯ ಮುಂದಿನ ಅಂಚೂ ಹಿಂದಿನ ಅಂಚೂ ಲೆನ್ಸ್‌ನಿಂದ ಹೆಚ್ಚುಕಡಿಮೆ ಒಂದೇ ದೂರ. ಶಾರ್ಪ್ ಆಗಬೇಕಾದ ಆಳ ಅಂದರೆ ದೋಸೆ ಮತ್ತು ಬೆಣ್ಣೆಯ ಎತ್ತರ ಅಷ್ಟೇ, ನಾಲ್ಕು ಸೆಂಟಿಮೀಟರ್ ಇರಬಹುದು. ಅದೇ ಕ್ಯಾಮೆರಾವನ್ನು ಮೇಜಿನಿಂದ 20 ಡಿಗ್ರಿಗೆ ಇಳಿಸಿದರೆ, 25 ಸೆಂಟಿಮೀಟರ್ ತಟ್ಟೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ, ಲೆನ್ಸ್ ನೋಡುವ ದಿಕ್ಕಿನಲ್ಲಿ, ಸುಮಾರು 23 ಸೆಂಟಿಮೀಟರ್ ಆಳವಾಗುತ್ತದೆ.

ಈಗ ಲೆನ್ಸ್ ಎಷ್ಟು ಕೊಡುತ್ತದೆ ನೋಡೋಣ. ಫುಲ್ ಫ್ರೇಮ್ ಕ್ಯಾಮೆರಾ, ಫ್ರೇಮಿನ ಉದ್ದ ಬದಿಯಲ್ಲಿ 36 ಸೆಂಟಿಮೀಟರ್ ಜಾಗ ಹಿಡಿಸುವಷ್ಟು ಹತ್ತಿರ ಅಂದುಕೊಳ್ಳಿ. ಒಂದು ತಟ್ಟೆ ಆರಾಮಾಗಿ ಕೂರುವ ಫ್ರೇಮ್ ಅದು. f/2.8ರಲ್ಲಿ ಶಾರ್ಪ್ ಕಾಣುವ ಆಳ ಎರಡು ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ. f/8ರಲ್ಲಿ ಐದು ಸೆಂಟಿಮೀಟರ್ ಆಸುಪಾಸು. f/16ಕ್ಕೆ ಹೋದರೂ ಹತ್ತು ದಾಟುವುದು ಕಷ್ಟ. ಅಂದರೆ ಮೇಲಿನಿಂದ ತೆಗೆದರೆ f/8 ಇಡೀ ದೋಸೆಗೆ ಸಾಕು, 20 ಡಿಗ್ರಿಯಿಂದ ತೆಗೆದರೆ ಅದೇ f/8 ತಟ್ಟೆಯ ಕಾಲು ಭಾಗಕ್ಕೆ ಮಾತ್ರ. ಇನ್ನೊಂದು ವಿಷಯ, ಇಷ್ಟು ಹತ್ತಿರದಲ್ಲಿ ಆ ಆಳ ಫೋಕಸ್ ಬಿಂದುವಿನ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತದೆ. ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಅನ್ನುವ ಮಾತು ಬೆಟ್ಟ ಗುಡ್ಡದ ಫೋಟೋಗೆ ಕೆಲವು ಸಲ ಸರಿ ಬರಬಹುದು, ತಟ್ಟೆಗೆ ಅಲ್ಲ.

ನಮ್ಮ ಪೋಸ್ಟರಿಗೆ ಹಿಂದೆ ಕಾವಲಿ ಬೇಕು, ಹಾಗಾಗಿ ಮೇಲಿನ ಆಂಗಲ್ ಆಗುವುದಿಲ್ಲ. ಮೇಜಿನ ಮಟ್ಟಕ್ಕೆ ಇಳಿದರೆ ಮಲಗಿರುವ ದೋಸೆ ಗೆರೆಯಂತೆ ಕಾಣುತ್ತದೆ, ಮೇಲಿನ ಬೆಣ್ಣೆ ಕಾಣುತ್ತದೆಯೇ ಹೊರತು ದೋಸೆ ಕಾಣುವುದಿಲ್ಲ. ಉಳಿದದ್ದು 15ರಿಂದ 20 ಡಿಗ್ರಿ; ಇನ್ನೂ ಮೇಲಿನಿಂದ ನೋಡಿದರೆ ಹಿಂದಿನ ಕಾವಲಿ ಫ್ರೇಮಿನಿಂದ ಹೊರಗೆ ಹೋಗುತ್ತದೆ. ಇದನ್ನು ಪ್ರಾಂಪ್ಟ್‌ನಲ್ಲಿ ಲೆನ್ಸ್‌ಗಿಂತ ಮುಂಚೆ ಬರೆಯಿರಿ. ಡಿಗ್ರಿಯ ಜೊತೆಗೆ `low three-quarter view` ಅನ್ನುವ ಮಾತೂ ಇರಲಿ. ಡಿಗ್ರಿಗಿಂತ ಆ ಮಾತನ್ನೇ ಟೂಲ್ ಚೆನ್ನಾಗಿ ಹಿಡಿಯುತ್ತದೆ.

ಮೂರನೆಯದು: ಫೋಕಲ್ ಲೆಂತ್, ಅಂದರೆ ಲೆನ್ಸ್‌ನ ಮಿಮೀ ನಂಬರ್. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು

ಉದ್ದ ಲೆನ್ಸ್, ಅಂದರೆ ಜಾಸ್ತಿ ಮಿಮೀಯದ್ದು, ಹಾಕಿದರೆ ಡೆಪ್ತ್ ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ. ನಿಂತ ಜಾಗದಲ್ಲೇ ನಿಂತು ಲೆನ್ಸ್ ಬದಲಾಯಿಸಿದರೆ ಅದು ನಿಜ. ಆದರೆ ತಿಂಡಿ ಫೋಟೋದಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ತಟ್ಟೆ ಫ್ರೇಮ್ ತುಂಬುವಷ್ಟು ಹತ್ತಿರ ಅಥವಾ ದೂರ ಸರಿಯುತ್ತಾರೆ. 50 ಮಿಮೀ ಆದರೆ ಅರ್ಧ ಮೀಟರ್ ಆಸುಪಾಸಿಗೆ ಹೋಗುತ್ತಾರೆ, 100 ಮಿಮೀ ಆದರೆ ಒಂದು ಮೀಟರಿಗೂ ಸ್ವಲ್ಪ ಹಿಂದೆ ನಿಲ್ಲುತ್ತಾರೆ. ತಟ್ಟೆ ಎರಡರಲ್ಲೂ ಅಷ್ಟೇ ದೊಡ್ಡದಾಗಿ ಕಂಡರೆ, ಅಪರ್ಚರ್ ನಂಬರ್ ಒಂದೇ ಆಗಿದ್ದರೆ, ತಟ್ಟೆಯ ಮೇಲಿನ ಡೆಪ್ತ್ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಬದಲಾಗುವುದು ಏನು? ಹಿನ್ನೆಲೆಯ ಗಾತ್ರ. ನಮ್ಮ ದೋಸೆಯ ಹಿಂದೆ ಎರಡು ಮೀಟರ್ ದೂರದಲ್ಲಿ ಭಟ್ಟರ ಕೈ ಇದೆ ಅನ್ನಿ. 100 ಮಿಮೀ ಲೆನ್ಸ್‌ನಲ್ಲಿ ತೆಗೆದು ಮೂರು ಅಡಿ ಪೋಸ್ಟರ್ ಮಾಡಿದರೆ ಆ ಅಂಗೈ ಬೆರಳು ಸೇರಿ 16 ಸೆಂಟಿಮೀಟರ್ ಆಸುಪಾಸಿಗೆ ಬರುತ್ತದೆ. 35 ಮಿಮೀನಲ್ಲಿ ಅದರ ಅರ್ಧಕ್ಕಿಂತ ಕಮ್ಮಿ, ಏಳು ಚಿಲ್ಲರೆ. ಮಸುಕೂ ಅದೇ ಲೆಕ್ಕದಲ್ಲಿ ಚಿಕ್ಕದಾಗುತ್ತದೆ. ಹಾಗಾಗಿ ಆ ಕೈಯನ್ನು ಮಾತ್ರ ನೋಡಿದರೆ ಎರಡರಲ್ಲೂ ಅದರ ಗುರುತು ಸಿಗುವುದು ಒಂದೇ ಮಟ್ಟಕ್ಕೆ. ಆದರೆ 35ರಲ್ಲಿ ಕೈಯ ಸುತ್ತ ಇಡೀ ಅಡುಗೆಮನೆ ಬಂದು ಕೂರುತ್ತದೆ. ಸಿಲಿಂಡರ್, ಹಿಟ್ಟಿನ ಪಾತ್ರೆ, ಗೋಡೆಯ ಕ್ಯಾಲೆಂಡರ್, ಎಲ್ಲ. 100ರಲ್ಲಿ ಕಾವಲಿ ಮತ್ತು ಕೈ ಮಾತ್ರ ಉಳಿಯುತ್ತವೆ. ಜೊತೆಗೆ 35ರಷ್ಟು ಹತ್ತಿರ ಹೋದಾಗ ತಟ್ಟೆಯ ಮುಂದಿನ ಅಂಚು ಉಬ್ಬಿ ಹಿಂದಿನದು ಕುಗ್ಗುತ್ತದೆ. ದುಂಡು ತಟ್ಟೆ ಮೊಟ್ಟೆಯಾಕಾರಕ್ಕೆ ಬರುತ್ತದೆ.

ಅದಕ್ಕೇ ಪ್ರಾಂಪ್ಟ್‌ನಲ್ಲಿ ಮಿಮೀ ಬರೆಯುವುದನ್ನು ಮಸುಕಿಗೆ ಅಂತ ಬಳಸಬೇಡಿ, ಹಿಂದೆ ಎಷ್ಟು ಜಾಗ ಕಾಣಬೇಕು ಅನ್ನುವುದಕ್ಕೆ ಬಳಸಿ. ಮೂರು ಆಯ್ಕೆ ಇದ್ದರೆ ಸಾಕು. ಊಟದ ಮೇಜು, ಕೂತ ಜನ, ಹೋಟೆಲಿನ ಒಳಗು ಎಲ್ಲ ಬೇಕಾದರೆ 35. ಮೇಜಿನ ಮೇಲಿನ ನಾಲ್ಕೈದು ತಟ್ಟೆ ಬೇಕಾದರೆ 50. ಒಂದೇ ತಟ್ಟೆ, ಹಿಂದೆ ಒಂದೆರಡು ವಸ್ತು ಸಾಕು ಅನ್ನುವುದಾದರೆ 100. ತಿಂಡಿ ಫೋಟೋಗ್ರಾಫರ್‌ಗಳ ಚೀಲದಲ್ಲಿ 90 ಅಥವಾ 100 ಮಿಮೀ ಮ್ಯಾಕ್ರೊ ಲೆನ್ಸ್ ಇದ್ದೇ ಇರುತ್ತದೆ. ಹಾಗಾಗಿ ಇದು ಶೂಟಿಂಗ್ ದಿನಕ್ಕೂ ಹೊಂದುತ್ತದೆ.

ಆದರೆ ಆ ಲೆನ್ಸ್‌ನ ಹೆಸರಲ್ಲಿರುವ `macro` ಅನ್ನುವ ಪದವನ್ನು ಪ್ರಾಂಪ್ಟ್‌ಗೆ ತರಬೇಡಿ. ಟೂಲ್‌ಗೆ ಅದು ಲೆನ್ಸ್‌ನ ಹೆಸರಲ್ಲ, ಬಹಳ ಹತ್ತಿರ ಹೋಗು ಅನ್ನುವ ಆಜ್ಞೆ. ದೋಸೆಯ ರಂಧ್ರಗಳು ಫ್ರೇಮ್ ತುಂಬಿಕೊಳ್ಳುತ್ತವೆ, ತಟ್ಟೆ ಮಾಯ. 85 ಮಿಮೀ ಕೂಡ ಸ್ವಲ್ಪ ಅನುಮಾನದ್ದೇ. ಆ ನಂಬರ್ ಮುಖದ ಫೋಟೋಗಳ ಜೊತೆ ಅಂಟಿಕೊಂಡಿರುವುದರಿಂದ ಕರೆಯದ ಮನುಷ್ಯರು ಹಿಂದೆ ಬಂದು ನಿಲ್ಲಬಹುದು.

ನಾಲ್ಕನೆಯದು: ಅಪರ್ಚರ್ ನಂಬರ್, ಮತ್ತು ಅದಕ್ಕೆ ಜೋಡಿಯಾಗುವ ವಾಕ್ಯ

ಇಲ್ಲಿಯೂ ಮೂರೇ ಮೆಟ್ಟಿಲು ಇಟ್ಟುಕೊಳ್ಳಿ: f/2.8, f/8, f/16. ಅವುಗಳ ನಡುವಿನದ್ದು ಶೂಟಿಂಗ್ ದಿನಕ್ಕೆ ಬೇಕಾಗುತ್ತದೆ, ಪ್ರಾಂಪ್ಟ್‌ಗೆ ಬೇಡ.

f/2.8 ಅಂದರೆ ಒಂದು ವಸ್ತು ಮಾತ್ರ ಶಾರ್ಪ್. ಬೆಣ್ಣೆಯ ಮುದ್ದೆ ಶಾರ್ಪ್, ದೋಸೆಯ ತುದಿಯೇ ಮಸುಕು. ಇನ್‌ಸ್ಟಾಗ್ರಾಮ್‌ಗೆ ಚೆಂದ. ಆದರೆ ಪೋಸ್ಟರಿನಲ್ಲಿ ದೋಸೆಯೇ ಮಾರಾಟಕ್ಕಿರುವುದು, ಅದೇ ಮಸುಕಾದರೆ ಹೋಟೆಲಿನವರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ. f/16 ಅಂದರೆ ನಮ್ಮ ಆಂಗಲ್‌ನಲ್ಲಿ ತಟ್ಟೆಯ ಅರ್ಧದಷ್ಟು ಶಾರ್ಪ್, ಹಿನ್ನೆಲೆಯೂ ಸಾಕಷ್ಟು ಸ್ಪಷ್ಟ. ಮೇಲಿನಿಂದ ತೆಗೆದ ಥಾಲಿಗೆ, ಪ್ಯಾಕೆಟ್ ಮೇಲಿನ ಚಿತ್ರಕ್ಕೆ ಸರಿ. ನಮ್ಮ ಕೆಲಸ ನಡುವೆ ಇದೆ.

ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, 100 ಮಿಮೀ ಲೆನ್ಸ್, ದೋಸೆಯಿಂದ ಎರಡು ಮೀಟರ್ ಹಿಂದೆ ಭಟ್ಟರ ಕೈ. f/2.8ರಲ್ಲಿ ಆ ಕೈಯ ಪ್ರತಿ ಬಿಂದುವೂ ಪೋಸ್ಟರ್ ಮೇಲೆ ಆರು ಸೆಂಟಿಮೀಟರ್ ಅಗಲದ ಮಸುಕಾಗುತ್ತದೆ. ಕೈಯೇ 16 ಸೆಂಟಿಮೀಟರ್ ಇರುವಾಗ ಬೆರಳುಗಳು ಎಲ್ಲಿ ಉಳಿಯುತ್ತವೆ? ಕಂದು ಬಣ್ಣದ ಒಂದು ಉಂಡೆ ಕಾಣುತ್ತದೆ. f/8ರಲ್ಲಿ ಆ ಮಸುಕು ಎರಡು ಸೆಂಟಿಮೀಟರ್. ಕೈ ಅಂತ ಗೊತ್ತಾಗುತ್ತದೆ, ಸೌಟು ಹಿಡಿದಿದೆ ಅಂತ ಗೊತ್ತಾಗುತ್ತದೆ, ಆದರೆ ಗೆರೆ ಗೆರೆಯಾಗಿ ಕಾಣುವುದಿಲ್ಲ. ಹೋಟೆಲಿನವರು ಕೇಳಿದ್ದು ಇದನ್ನೇ ಅಲ್ವಾ? ಹಾಗಾಗಿ f/8.

ಆದರೆ f/8ರಲ್ಲಿ ತಟ್ಟೆಯ ಕಾಲು ಭಾಗ ಮಾತ್ರ ಶಾರ್ಪ್ ಅಂತ ಆಗಲೇ ನೋಡಿದೆವು. ಇಡೀ ದೋಸೆ ಶಾರ್ಪ್ ಬೇಕು ಅನ್ನುವುದೂ ನಮ್ಮ ಪಟ್ಟಿಯಲ್ಲಿದೆ. ಶೂಟಿಂಗ್‌ನಲ್ಲಿ ಇದಕ್ಕೆ ಎರಡು ದಾರಿ ಇವೆ. ಒಂದು, ಕ್ಯಾಮೆರಾ ಅಲುಗಾಡಿಸದೆ ಫೋಕಸ್ ಮಾತ್ರ ಮುಂದಿನಿಂದ ಹಿಂದಕ್ಕೆ ಸರಿಸುತ್ತಾ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುವುದು. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಬೆಣ್ಣೆ ಕರಗುತ್ತಾ ಇರುತ್ತದೆ, ಹಾಗಾಗಿ ಬೇಗ ಬೇಗ ತೆಗೆಯಬೇಕು, ಇಲ್ಲದಿದ್ದರೆ ಒಂದು ಫೋಟೋದ ಬೆಣ್ಣೆ ಇನ್ನೊಂದಕ್ಕೆ ಕೂರುವುದಿಲ್ಲ. ಎರಡನೆಯದು, ಟಿಲ್ಟ್ ಶಿಫ್ಟ್ ಲೆನ್ಸ್. ಅದು ಶಾರ್ಪ್ ಆಗುವ ಪದರವನ್ನೇ ಬಾಗಿಸಿ ತಟ್ಟೆಯ ಮೇಲೆ ಮಲಗಿಸುತ್ತದೆ. ಕ್ಯಾನನ್‌ನ ಟಿಎಸ್-ಇ 90 ಮಿಮೀಯಂಥ ಲೆನ್ಸ್‌ಗಳು ಇರುವುದೇ ಇಂಥ ಕೆಲಸಕ್ಕೆ. ಎರಡು ದಾರಿಯಲ್ಲೂ ತಟ್ಟೆ ಪೂರ್ತಿ ಶಾರ್ಪ್; ಸ್ಟ್ಯಾಕಿಂಗ್‌ನಲ್ಲಿ ಹಿನ್ನೆಲೆ f/8ರ ಮಸುಕಿನಲ್ಲೇ ಉಳಿಯುತ್ತದೆ. ಜಾಹೀರಾತುಗಳಲ್ಲಿ ನಮ್ಮ ಕಣ್ಣು ಈ ನೋಟಕ್ಕೆ ಒಗ್ಗಿಹೋಗಿದೆ.

ಟೂಲ್‌ಗೆ ಇದನ್ನು ಹೇಳುವಾಗ ತಂತ್ರದ ಹೆಸರು ಬೇಡ, ಫಲ ಹೇಳಿ. `tilt-shift` ಅಂತ ಬರೆದರೆ ಆಟದ ಸಾಮಾನಿನ ಊರಿನಂತೆ ಮೇಲೆ ಕೆಳಗೆ ಮಸುಕಿನ ಪಟ್ಟಿ ಬರುತ್ತದೆ, ಯಾಕೆಂದರೆ ಆ ಪದದ ಜೊತೆ ಓಡಾಡುವುದು ಆ ಥರದ ಚಿತ್ರಗಳೇ. `bokeh` ಕೂಡ ಹಾಗೇ. ಹಿಂದೆ ಬಣ್ಣಬಣ್ಣದ ಬೆಳಕಿನ ಗುಂಡುಗಳನ್ನು ತೂಗುಹಾಕುತ್ತದೆ. ಬೆಳಗ್ಗೆ ಏಳು ಗಂಟೆಯ ದೋಸೆ ಹೋಟೆಲ್ ಹಿಂದೆ ದೀಪಾವಳಿ ಯಾಕೆ ಬೇಕು?

ಐದನೆಯದು: ಹಿನ್ನೆಲೆಗೆ ಒಂದು ದೂರ ಕೊಡಿ

ಮಸುಕು ಅಂತ ಬರೆದು ಬಿಟ್ಟರೆ ಎಷ್ಟು ಮಸುಕು ಅನ್ನುವುದು ಟೂಲ್ ಪಾಲಿಗೆ. ಅದು ಸಾಮಾನ್ಯವಾಗಿ ಜಾಸ್ತಿಯೇ ಮಾಡುತ್ತದೆ. ದೂರ ಹೇಳಿ, ಆ ದೂರದಲ್ಲಿರುವ ವಸ್ತುವಿನ ಹೆಸರು ಹೇಳಿ, ಅದು ಗುರುತು ಸಿಗಬೇಕೋ ಬೇಡವೋ ಹೇಳಿ. ಈಗ ಇಷ್ಟನ್ನೂ ಕೂಡಿಸಿದರೆ ಪ್ರಾಂಪ್ಟ್ ಹೀಗೆ ಬರುತ್ತದೆ:

```
Commercial food photo, one small thick butter dosa folded in half
on a steel plate, a lump of white butter melting on top.
Low three-quarter view from about 20 degrees, 100mm lens, f/8.
Butter, whole dosa and the plate rim are sharp.
The cup of coconut chutney beside the dosa is equally sharp.
Two metres behind, an iron griddle and a cook's hands,
softly out of focus but still recognizable.
```

ಮಿಡ್‌ಜರ್ನಿಯಾದರೆ ಕೊನೆಗೆ `--ar 4:5` ಸೇರಿಸಿ, ಮೇಲೆ ಅಕ್ಷರಕ್ಕೆ ಜಾಗ ಸಿಗುತ್ತದೆ. ಕ್ರಮವನ್ನು ಗಮನಿಸಿ. ತಿಂಡಿ, ಆಂಗಲ್, ಲೆನ್ಸ್, ಶಾರ್ಪ್ ಆಗಬೇಕಾದದ್ದು, ಆಮೇಲೆ ಹಿನ್ನೆಲೆ. ಸ್ಟೇಬಲ್ ಡಿಫ್ಯೂಷನ್‌ನ ಹಳೆಯ ಮಾಡೆಲ್‌ಗಳು ಒಂದು ಸಲಕ್ಕೆ 77 ಟೋಕನ್, ಅಂದರೆ ಪದದ ತುಣುಕು, ಮಾತ್ರ ಓದುತ್ತವೆ, ಹಾಗಾಗಿ ಅಲ್ಲಿ ಇಷ್ಟುದ್ದ ಬರೆದರೆ ಕೊನೆಯ ಸಾಲುಗಳು ಕಳೆದುಹೋಗಬಹುದು. ಅಂಥ ಕಡೆ ಚಟ್ನಿಯ ಸಾಲು ಮತ್ತು ತಟ್ಟೆಯ ಸಾಲನ್ನು ಒಂದೇ ಮಾಡಿ.

"ಬೇಡ" ಅನ್ನುವುದನ್ನು ವಾಕ್ಯದೊಳಗೆ ಬರೆಯಬೇಡಿ. `no blur on the dosa` ಅಂತ ಬರೆದರೆ ಬ್ಲರ್ ಅನ್ನುವ ಪದವನ್ನು ನೀವೇ ಒಳಗೆ ಕಳಿಸಿದ ಹಾಗಾಯಿತು, ಬಹಳ ಟೂಲ್‌ಗಳು ಅದನ್ನೇ ಹಿಡಿದುಕೊಳ್ಳುತ್ತವೆ. ಏನು ಬೇಕೋ ಅದನ್ನು ಹೇಳಿ. ಬೇಡದ್ದಕ್ಕೆ ಬೇರೆ ಜಾಗ ಇದ್ದರೆ, ಅಂದರೆ ಮಿಡ್‌ಜರ್ನಿಯ `--no` ಅಥವಾ ಸ್ಟೇಬಲ್ ಡಿಫ್ಯೂಷನ್‌ನ ನೆಗೆಟಿವ್ ಪ್ರಾಂಪ್ಟ್ ಇದ್ದರೆ, ಅಲ್ಲಿ ಹಾಕಿ.

ಆರನೆಯದು: ಬಂದ ಚಿತ್ರವನ್ನು ದೂರದ ಲೆಕ್ಕದಲ್ಲಿ ನೋಡಿ

ಇಲ್ಲಿ ನಿಧಾನ ಮಾಡಿ. ಮೊದಲ ನೋಟಕ್ಕೆ ಎಲ್ಲ ಚಿತ್ರವೂ ಚೆಂದವೇ. ಮೂರು ಅಡಿಗೆ ಹಿಗ್ಗಿಸಿದಾಗ ಬಂಡವಾಳ ಬಯಲಾಗುತ್ತದೆ.

ನಿಜವಾದ ಲೆನ್ಸ್ ಮಸುಕು ಮಾಡುವುದು ದೂರ ನೋಡಿ. ಟೂಲ್ ಬಹಳ ಸಲ ವಸ್ತು ನೋಡಿ ಮಸುಕು ಮಾಡುತ್ತದೆ. ದೋಸೆ ಮುಖ್ಯ, ಅದು ಶಾರ್ಪ್. ಚಟ್ನಿ ಮುಖ್ಯ ಅಲ್ಲ, ಅದು ಮಸುಕು. ಎರಡೂ ಒಂದೇ ತಟ್ಟೆಯಲ್ಲಿ, ಕ್ಯಾಮೆರಾದಿಂದ ಒಂದೇ ದೂರದಲ್ಲಿ ಇದ್ದರೂ. ಪರೀಕ್ಷೆ ಸುಲಭ. ಬೆಣ್ಣೆಯ ಮೂಲಕ ಎಡದಿಂದ ಬಲಕ್ಕೆ ಒಂದು ಅಡ್ಡ ಗೆರೆ ಮನಸ್ಸಲ್ಲೇ ಎಳೆಯಿರಿ. ತಟ್ಟೆಯ ಮೇಲೆ ಆ ಗೆರೆಯಲ್ಲಿ ಇರುವುದೆಲ್ಲ ಒಂದೇ ಮಟ್ಟಕ್ಕೆ ಶಾರ್ಪ್ ಇರಬೇಕು. ಎಡಗಡೆ ಪಲ್ಯ ಶಾರ್ಪ್, ಬಲಗಡೆ ಚಟ್ನಿ ಬಟ್ಟಲು ಮಸುಕು ಅಂದರೆ ಅದು ಸುಳ್ಳು. ನೋಡುವವರಿಗೆ ಯಾಕೆ ಅಂತ ಹೇಳಲು ಬಾರದಿದ್ದರೂ "ಏನೋ ಪೇಸ್ಟ್ ಮಾಡಿದ ಹಾಗಿದೆ" ಅನ್ನಿಸುತ್ತದೆ. ಚಟ್ನಿಯ ಸಾಲನ್ನು ಪ್ರಾಂಪ್ಟ್‌ನಲ್ಲಿ ಬೇರೆಯಾಗಿ ಬರೆದದ್ದು ಇದಕ್ಕೇ.

ಆಮೇಲೆ ಮೇಜನ್ನು ನೋಡಿ. ತಟ್ಟೆಯ ಹಿಂದೆ ಮೇಜಿನ ಮೇಲ್ಮೈ ಹಿಂದಕ್ಕೆ ಹೋಗುತ್ತಾ ನಿಧಾನವಾಗಿ ಮಸುಕಾಗಬೇಕು. ತಟ್ಟೆಯ ಅಂಚಿನವರೆಗೆ ಶಾರ್ಪ್, ಅಂಚು ದಾಟಿದ ತಕ್ಷಣ ಪೂರ್ತಿ ಮಸುಕು ಅಂದರೆ ದೂರದ ಲೆಕ್ಕ ಕೆಟ್ಟಿದೆ. ಮುಂದಿನ ಕಡೆಯೂ ಅದೇ ನಿಯಮ. ಫೋಟೋದ ಕೆಳ ಅಂಚಿನಲ್ಲಿರುವ ಮೇಜಿನ ಭಾಗ ತಟ್ಟೆಗಿಂತ ಹತ್ತಿರ ಇರುವುದರಿಂದ ಅದೂ ಸ್ವಲ್ಪ ಮಸುಕಾಗಬೇಕು. ಟೂಲ್‌ಗಳು ಹಿಂದಿನ ಮಸುಕನ್ನು ನೆನಪಿಟ್ಟುಕೊಳ್ಳುತ್ತವೆ, ಮುಂದಿನದನ್ನು ಮರೆಯುತ್ತವೆ. ಬೇಕಾದರೆ ಒಂದು ಸಾಲು ಸೇರಿಸಿ:

```
The table edge nearest the camera is slightly soft.
```

ಮೂರನೆಯದಾಗಿ ಲೋಹದ ಹೊಳಪು ನೋಡಿ. ಸ್ಟೀಲ್ ತಟ್ಟೆಯಲ್ಲಿ ಕಿಟಕಿಯ ಬಿಂಬ ಬೀಳುತ್ತದೆ. ಶಾರ್ಪ್ ಇರುವ ಜಾಗದಲ್ಲಿ ತಟ್ಟೆಯ ಗೀರುಗಳು ಕಾಣಬೇಕು. ಗೀರೇ ಇಲ್ಲದೆ ಬೆಣ್ಣೆಯಂತೆ ನುಣುಪಾಗಿದ್ದರೆ ಅದು ಶಾರ್ಪ್ ಅಲ್ಲ, ವಿವರ ಇಲ್ಲದ್ದು. ಈ ಎರಡನ್ನು ಬೇರೆ ಮಾಡಿ ನೋಡುವುದು ಅಭ್ಯಾಸವಾಗಬೇಕು. ವಿವರ ಇಲ್ಲದ್ದಕ್ಕೆ f/16 ಬರೆದು ಉಪಯೋಗವಿಲ್ಲ. ಅಲ್ಲಿ ಬೇಕಾದ್ದು ವಸ್ತುವಿನ ಮಾತು, ಹಳೆಯ, ಬಳಸಿದ, ಗೀರು ಬಿದ್ದ ಸ್ಟೀಲ್ ತಟ್ಟೆ ಅನ್ನುವುದು.

ತಿದ್ದುವಾಗ ಒಂದು ಸಲಕ್ಕೆ ಒಂದೇ

ಸೀಡ್ ಹಿಡಿದುಕೊಳ್ಳಿ. ಮಿಡ್‌ಜರ್ನಿಯಲ್ಲಿ `--seed` ಹಾಕಿ ಒಂದು ಸಂಖ್ಯೆ ಕೊಡಬಹುದು, ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಅದಕ್ಕೇ ಒಂದು ಕಿಂಡಿ ಇದೆ. ಸೀಡ್ ಹಾಗೇ ಇಟ್ಟು ಒಂದು ಮಾತು ಬದಲಾಯಿಸಿ ನೋಡಿದರೆ ಮಾತ್ರ ಆ ಮಾತಿನ ಕೆಲಸ ಗೊತ್ತಾಗುತ್ತದೆ. ಹಿನ್ನೆಲೆ ಜಾಸ್ತಿ ಮಸುಕಾಗಿದ್ದರೆ ಮೊದಲು ವಾಕ್ಯ ಮುಟ್ಟಿ, `softly` ತೆಗೆದು `slightly` ಹಾಕಿ. ಆಗಲಿಲ್ಲವಾ, ದೂರ ಕಮ್ಮಿ ಮಾಡಿ, ಎರಡು ಮೀಟರ್ ಇದ್ದದ್ದನ್ನು ಒಂದು ಮೀಟರ್ ಮಾಡಿ. ಆಗಲೂ ಆಗದಿದ್ದರೆ ಕೊನೆಗೆ ನಂಬರ್. ದೋಸೆಯೇ ಮಸುಕಾಗಿದ್ದರೆ ನಂಬರ್‌ಗೆ ಕೈ ಹಾಕುವ ಮೊದಲು ಆಂಗಲ್ ಸ್ವಲ್ಪ ಮೇಲೆತ್ತಿ, 20 ಇದ್ದದ್ದನ್ನು 25 ಮಾಡಿ. ಆಳವೇ ಕಮ್ಮಿಯಾದಾಗ ಟೂಲ್ ಮಸುಕು ಮಾಡುವುದನ್ನೂ ಕಮ್ಮಿ ಮಾಡುತ್ತದೆ.

ಎಷ್ಟು ತಿದ್ದಿದರೂ ಹಿನ್ನೆಲೆ ಮಾತು ಕೇಳುತ್ತಿಲ್ಲ ಅಂದರೆ ಬೇರೆ ದಾರಿ ಇದೆ, ನನಗಂತೂ ಇದೇ ಹೆಚ್ಚು ಇಷ್ಟ. ಎಲ್ಲವೂ ಶಾರ್ಪ್ ಇರುವ ಚಿತ್ರ ಮಾಡಿಸಿ, ಮಸುಕನ್ನು ಆಮೇಲೆ ನೀವೇ ಹಾಕಿ. ಶಾರ್ಪ್ ಇರುವುದನ್ನು ಮಸುಕು ಮಾಡಬಹುದು, ಮಸುಕಾದದ್ದನ್ನು ಶಾರ್ಪ್ ಮಾಡಲು ಹೋದರೆ ಬೆರಳು ಆರಾಗುತ್ತದೆ. ಫೋಟೊಶಾಪ್‌ನ Lens Blur ಫಿಲ್ಟರ್‌ಗೆ ದೂರದ ನಕ್ಷೆ ಕೊಡಬಹುದು. ಹತ್ತಿರದ್ದು ಒಂದು ಬಣ್ಣ, ದೂರದ್ದು ಇನ್ನೊಂದು, ನಡುವೆ ಬೂದು ಬಣ್ಣ ನಿಧಾನಕ್ಕೆ ಬದಲಾಗುವ ಒಂದು ಆಲ್ಫಾ ಚಾನೆಲ್ ಅಷ್ಟೇ. ಲೈಟ್‌ರೂಮ್‌ನಲ್ಲಿ ಅದೇ ಹೆಸರಿನ ಸೌಲಭ್ಯ ಆ ನಕ್ಷೆಯನ್ನು ತಾನೇ ಊಹಿಸುತ್ತದೆ, ತಪ್ಪಿದ ಕಡೆ ಬ್ರಷ್‌ನಿಂದ ತಿದ್ದಬಹುದು. ತಪ್ಪುವುದು ಸಾಮಾನ್ಯವಾಗಿ ತಟ್ಟೆಯ ಅಂಚಿನಲ್ಲಿ, ದೋಸೆಯಿಂದ ಏಳುವ ಹಬೆಯಲ್ಲಿ, ಚಟ್ನಿಯಲ್ಲಿ ನಿಲ್ಲಿಸಿದ ಚಮಚದಲ್ಲಿ. ಹಬೆಗೆ ಅಂಚೇ ಇಲ್ಲದ್ದರಿಂದ ಅದರ ಸುತ್ತ ಬಿಳಿ ಗೆರೆ ಬರುತ್ತದೆ. ಹಾಗಾಗಿ ಈ ದಾರಿ ಹಿಡಿಯುವುದಾದರೆ ಮೊದಲ ಚಿತ್ರದಲ್ಲಿ ಹಬೆ ಕೇಳಬೇಡಿ, ಮಸುಕು ಹಾಕಿದ ಮೇಲೆ ಹಬೆ ಸೇರಿಸಿ.

ಫೋಟೋಗ್ರಾಫರ್‌ಗೆ ಕೊಡುವ ಚೀಟಿ

ಹೋಟೆಲಿನವರು ಒಪ್ಪಿದ ಮೇಲೆ ಅದೇ ಪ್ರಾಂಪ್ಟ್ ಅನ್ನು ಫೋಟೋಗ್ರಾಫರ್‌ಗೆ ಹಾಗೇ ಕೊಡಬೇಡಿ. ಅವರಿಗೆ ಬೇಕಾದ ಮಾತು ಬೇರೆ. ಚಿತ್ರದ ಜೊತೆ ಇಷ್ಟು ಬರೆದರೆ ಸಾಕು: ಕ್ಯಾಮೆರಾ ಮೇಜಿನಿಂದ 20 ಡಿಗ್ರಿ, 100 ಮಿಮೀ, f/8 ಆಸುಪಾಸು, ಫೋಕಸ್ ಬೆಣ್ಣೆಯ ಮುಂದಿನ ಅಂಚಿಗೆ, ದೋಸೆ ಪೂರ್ತಿ ಶಾರ್ಪ್ ಬೇಕಾದ್ದರಿಂದ ಸ್ಟ್ಯಾಕಿಂಗ್ ಬೇಕಾಗುತ್ತದೆ, ಕಾವಲಿ ತಟ್ಟೆಯಿಂದ ಎರಡು ಮೀಟರ್ ಹಿಂದೆ. ಕೊನೆಯದು ಬಹಳ ಮುಖ್ಯ. ಎಷ್ಟೋ ಹೋಟೆಲುಗಳಲ್ಲಿ ಕಾವಲಿ ಮತ್ತು ಮೇಜಿನ ನಡುವೆ ಎರಡು ಮೀಟರ್ ಜಾಗವೇ ಇರುವುದಿಲ್ಲ. ಮೊದಲೇ ಹೋಗಿ ಟೇಪ್ ಹಿಡಿದು ನೋಡಿ. ಒಂದೇ ಮೀಟರ್ ಇದ್ದರೆ ಕಾವಲಿ ಅಷ್ಟು ಮಸುಕಾಗುವುದಿಲ್ಲ, ಆಗ f/5.6ಕ್ಕೆ ಇಳಿಯಬೇಕು, ಇಳಿದರೆ ದೋಸೆಯ ಡೆಪ್ತ್ ಇನ್ನೂ ಕಮ್ಮಿ, ಸ್ಟ್ಯಾಕಿಂಗ್‌ಗೆ ಇನ್ನಷ್ಟು ಫೋಟೋ. f/22ಕ್ಕೆ ಏರಿಸಿ ಒಂದೇ ಫೋಟೋದಲ್ಲಿ ಮುಗಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಷ್ಟು ಚಿಕ್ಕ ಕಂಡಿಯಲ್ಲಿ ಬೆಳಕು ಹರಡಿಕೊಂಡು ಇಡೀ ಫೋಟೋ ಸ್ವಲ್ಪ ಮೆತ್ತಗಾಗುತ್ತದೆ, ಕಾವಲಿಯೂ ಎದ್ದು ಕಾಣುತ್ತದೆ, ಆದರೂ ತಟ್ಟೆಯ ಹಿಂದಿನ ಅಂಚು ಫೋಕಸ್‌ಗೆ ಬರುವುದಿಲ್ಲ.

ಅದೇ ಹೋಟೆಲಿಗೆ ಪಡ್ಡು, ಖಾಲಿ ದೋಸೆ, ಮಂಡಕ್ಕಿ ಮಿರ್ಚಿ ಅಂತ ಸಾಲು ಪೋಸ್ಟರ್ ಬೇಕಾದರೆ ಆಂಗಲ್, ಲೆನ್ಸ್, ಹಿನ್ನೆಲೆಯ ಸಾಲುಗಳನ್ನು ಒಂದಕ್ಷರ ಬದಲಾಯಿಸದೆ ಇಟ್ಟುಕೊಂಡು ತಿಂಡಿಯ ಸಾಲು ಮತ್ತು ಶಾರ್ಪ್ ಸಾಲು ಮಾತ್ರ ಬದಲಾಯಿಸಿ. ಪಡ್ಡಿಗೆ ಮಾತ್ರ ಒಂದು ಎಚ್ಚರ. ಆರೇಳು ಗುಂಡು ಪಡ್ಡು ತಟ್ಟೆ ತುಂಬ ಇದ್ದಾಗ ಟೂಲ್ ಮುಂದಿನ ಎರಡನ್ನು ಶಾರ್ಪ್ ಮಾಡಿ ಹಿಂದಿನದನ್ನೆಲ್ಲ ಕರಗಿಸಿಬಿಡುತ್ತದೆ. ಅಲ್ಲಿ `every piece on the plate is sharp, front row and back row` ಅಂತಲೇ ಬರೆಯಬೇಕು.